"ಅಕ್ಕೋರೆ, ಕಲ್ಲಿಗೆ ಕಾಲೆಲ್ಲಿದೆ?": ನಿತ್ಯಪೂಜೆಯ ಪಾಠವನ್ನು ಹಂತ ಹಂತವಾಗಿ ಮಾಡುವ ಬಗೆ

ಏಳನೇ ತರಗತಿಯ ಹುಡುಗನೊಬ್ಬ ಈ ಪ್ರಶ್ನೆ ಕೇಳಿದಾಗ ನಾನು ಬೋರ್ಡಿನ ಮೇಲೆ ಪೂಜೆಯ ಹದಿನಾರು ಉಪಚಾರಗಳನ್ನು ಬರೆಯುತ್ತಿದ್ದೆ. 'ಪಾದ್ಯ' ಅಂದರೆ ದೇವರಿಗೆ ಕಾಲು ತೊಳೆಯಲು ನೀರು ಕೊಡುವುದು ಎಂದು ಆಗಷ್ಟೇ ಹೇಳಿದ್ದೆ. ಅವನ ಮನೆಯಲ್ಲಿ ದಿನಾ ಪೂಜೆ ನಡೆಯುವುದು ಸಾಲಿಗ್ರಾಮಕ್ಕೆ. ಕಪ್ಪಗೆ, ದುಂಡಗೆ, ನಿಂಬೆಹಣ್ಣಿನಷ್ಟು ಇರುವ ಕಲ್ಲು ಅದು. ಅದಕ್ಕೆ ಕಾಲೂ ಇಲ್ಲ, ಕೈಯೂ ಇಲ್ಲ. ಹಾಗಾದರೆ ನೀರು ಕೊಡುವುದು ಎಲ್ಲಿಗೆ?

ಅವತ್ತು ನನಗೆ ಉತ್ತರ ಗೊತ್ತಿರಲಿಲ್ಲ. ಸಂಜೆ ಮನೆಗೆ ಹೋಗಿ ಅಪ್ಪಯ್ಯನನ್ನು ಕೇಳಿದೆ. ಅವರು ಹೇಳಿದ್ದು ಇಷ್ಟೇ: "ನೆಂಟರು ಬಂದಾಗ ನೀನು ತಂಬಿಗೆ ನೀರು ಹಿಡಿದು ಬಾಗಿಲಿಗೆ ಹೋಗುತ್ತೀಯಲ್ಲ, ಅವರ ಕಾಲು ಕೆಸರಾಗಿದೆಯೋ ಇಲ್ಲವೋ ನೋಡಿಕೊಂಡು ಹೋಗುತ್ತೀಯಾ?"

ಆ ಮಾತನ್ನು ಹಿಡಿದುಕೊಂಡು ಪಾಠವನ್ನು ಮೊದಲಿಂದ ಕಟ್ಟಿದೆ. ಪೂಜೆಯ ಹಂತಗಳಿಗೆ ಉಪಚಾರ ಎಂದೇ ಹೆಸರು. ನಾವು ದಿನಬಳಕೆಯಲ್ಲಿ "ಅವರ ಮನೆಯಲ್ಲಿ ಉಪಚಾರ ಚೆನ್ನಾಗಿ ಮಾಡಿದರು" ಅನ್ನುತ್ತೇವಲ್ಲ, ಅದೇ ಶಬ್ದ. ಮನೆಗೆ ಬಂದ ದೊಡ್ಡವರನ್ನು ಹೇಗೆ ನೋಡಿಕೊಳ್ಳುತ್ತೇವೋ ಹಾಗೆ ದೇವರನ್ನು ನೋಡಿಕೊಳ್ಳುವುದೇ ನಿತ್ಯಪೂಜೆ. ಈ ಒಂದು ವಿಷಯ ಮಕ್ಕಳ ಮನಸ್ಸಿಗೆ ಹೋದರೆ ಹದಿನಾರು ಹೆಸರುಗಳನ್ನು ಬಾಯಿಪಾಠ ಮಾಡಿಸಬೇಕಾಗಿಲ್ಲ. ಶಿರಸಿ ಕಡೆಯ ಶಾಲೆಯಲ್ಲಿ ನಾಲ್ಕು ಪಿರಿಯಡ್‌ಗಳಲ್ಲಿ ಈ ಪಾಠವನ್ನು ನಾನು ಹೇಗೆ ಮಾಡುತ್ತೇನೆ ಎಂಬುದನ್ನು ಕೆಳಗೆ ಬರೆದಿದ್ದೇನೆ.

ಮೊದಲ ಪಿರಿಯಡ್: ಪೂಜೆಯ ಮಾತು ಬೇಡ, ನೆಂಟರ ಮಾತು

ಪುಸ್ತಕ ತೆರೆಯುವ ಮೊದಲು ಮಕ್ಕಳಿಗೆ ಒಂದೇ ಕೆಲಸ ಕೊಡಿ. ದೂರದೂರಿಂದ ದೊಡ್ಡಪ್ಪನೋ ಮಾವನೋ ಬಂದರೆ ಬಾಗಿಲಿಂದ ಹಿಡಿದು ಹೊರಡುವ ತನಕ ಮನೆಯಲ್ಲಿ ಏನೇನು ಮಾಡುತ್ತಾರೆ, ಅದನ್ನು ಕ್ರಮವಾಗಿ ಬರೆಯಲಿ. ನಮ್ಮ ಮಕ್ಕಳ ಪಟ್ಟಿ ಹೆಚ್ಚುಕಡಿಮೆ ಹೀಗಿರುತ್ತದೆ: ಬನ್ನಿ ಎಂದು ಕರೆಯುವುದು, ಕೈಕಾಲಿಗೆ ನೀರು ಕೊಡುವುದು, ಚಾಪೆ ಹಾಸುವುದು ಅಥವಾ ಕುರ್ಚಿ ಕೊಡುವುದು, ಕುಡಿಯಲು ನೀರು-ಬೆಲ್ಲ, ಆಮೇಲೆ ಆಸರಿ, ಅಂದರೆ ಬಾಯಾರಿಕೆಗೆ ಏನಾದರೂ. ಉಳಿಯುವವರಾದರೆ ಸ್ನಾನಕ್ಕೆ ಬಿಸಿನೀರು, ಉಡಲು ಪಂಚೆ. ಊಟ. ಊಟ ಆದ ಮೇಲೆ ಕವಳದ, ಅಂದರೆ ಎಲೆ-ಅಡಿಕೆಯ ತಬಕು. ಹೊರಡುವಾಗ ಕಾಲಿಗೆ ನಮಸ್ಕಾರ, "ಏನಾದರೂ ಹೆಚ್ಚುಕಡಿಮೆ ಆಗಿದ್ದರೆ ಬೇಜಾರು ಮಾಡಿಕೊಳ್ಳಬೇಡಿ" ಎಂಬ ಮಾತು.

ಈ ಪಟ್ಟಿಯನ್ನು ಬೋರ್ಡಿನ ಎಡಗಡೆ ಬರೆದು ಹಾಗೇ ಬಿಡಿ. ಬಲಗಡೆ ಖಾಲಿ ಇರಲಿ. ಈ ಕೆಲಸದಲ್ಲಿ ತರಗತಿಯ ಎಲ್ಲ ಮಕ್ಕಳೂ ಸೇರಬಹುದು ಎಂಬುದು ನನಗೆ ಮುಖ್ಯ. ಮನೆಯಲ್ಲಿ ಪೂಜೆ ಇಲ್ಲದ ಮಗುವಿನ ಮನೆಗೂ ನೆಂಟರು ಬರುತ್ತಾರೆ ಅಲ್ವಾ?

ಪಿರಿಯಡ್ ಮುಗಿಯುವಾಗ ಮನೆಕೆಲಸ ಹೇಳಿ. ಒಂದು ಬೆಳಿಗ್ಗೆ ಪೂಜೆ ನಡೆಯುವಾಗ ಸುಮ್ನೆ ಕೂತು ನೋಡಬೇಕು. ತಮ್ಮ ಮನೆಯಲ್ಲಿ, ಅಜ್ಜನ ಮನೆಯಲ್ಲಿ ಅಥವಾ ಊರ ದೇವಸ್ಥಾನದಲ್ಲಿ, ಎಲ್ಲಾದರೂ ಆದೀತು. ಪೂಜೆ ನೋಡಲು ಇಷ್ಟವಿಲ್ಲದವರು ತಮ್ಮ ಮನೆಯಲ್ಲಿ ನಡೆಯುವ ಪ್ರಾರ್ಥನೆಯನ್ನೇ ನೋಡಿ ಬರೆಯಲಿ. ಪುಟವನ್ನು ಮೂರು ಪಾಲು ಮಾಡಿಸಿ: ಏನು ಮಾಡಿದರು, ಏನು ಹೇಳಿದರು, ಯಾಕೆ ಎಂದು ಕೇಳಿದಾಗ ಏನೆಂದರು. ಮೂರನೆಯ ಪಾಲನ್ನು ಪೂಜೆ ಮುಗಿದ ಮೇಲೆ ಕೇಳಿಯೇ ತುಂಬಬೇಕು. ನಡುವೆ ಮಾತಾಡಿಸಬಾರದು.

ಎರಡನೇ ಪಿರಿಯಡ್: ಪೂಜೆಗೆ ಕೂರುವ ಮೊದಲು

ಮಕ್ಕಳು ಸಾಮಾನ್ಯವಾಗಿ ಗಂಟೆ ಬಾರಿಸುವಲ್ಲಿಂದ ಬರೆಯಲು ಶುರು ಮಾಡುತ್ತಾರೆ. ಆದರೆ ಅರ್ಧ ಕೆಲಸ ಅದಕ್ಕಿಂತ ಮೊದಲೇ ಆಗಿರುತ್ತದೆ. ನಮ್ಮ ಮನೆಯ ಒಂದು ಬೆಳಿಗ್ಗೆಯನ್ನೇ ತೆಗೆದುಕೊಳ್ಳುತ್ತೇನೆ.

ಆಯಿ ಮಿಂದು ಹೂಬುಟ್ಟಿ ಹಿಡಿದು ಹಿತ್ತಿಲಿಗೆ ಹೋಗುತ್ತಾರೆ. ದಾಸವಾಳ, ನಂದಿಬಟ್ಟಲು, ಗೋರಟೆ, ಇದ್ದರೆ ಸಂಪಿಗೆ, ಒಂದು ಹಿಡಿ ತುಳಸಿ. ಕೆಳಗೆ ಬಿದ್ದ ಹೂವು, ಹುಳ ತಿಂದ ಹೂವು, ಮೂಸಿ ನೋಡಿದ ಹೂವು ಬುಟ್ಟಿಗೆ ಸೇರುವುದಿಲ್ಲ. ಎಲ್ಲ ಹೂವೂ ಎಲ್ಲ ದೇವರಿಗೂ ಅಲ್ಲ. ಗಣಪತಿಗೆ ಗರಿಕೆ ಬೇಕು, ತುಳಸಿ ಬೇಡ. ಶಿವನಿಗೆ ಬಿಲ್ವಪತ್ರೆ ಬೇಕು, ಕೇದಿಗೆ ಬೇಡ. ವಿಷ್ಣುವಿಗೆ ತುಳಸಿ ಇಲ್ಲದಿದ್ದರೆ ಪೂಜೆಯೇ ಸಪ್ಪೆ. ನೆಂಟರಲ್ಲಿ ಯಾರಿಗೆ ಸಕ್ಕರೆ ಹಾಕದ ಚಹಾ, ಯಾರಿಗೆ ಹಾಲು ಎಂದು ಮನೆಯವರಿಗೆ ಗೊತ್ತಿರುತ್ತದಲ್ಲ, ಇದೂ ಹಾಗೆಯೇ ಎಂದು ಮಕ್ಕಳಿಗೆ ಹೇಳಿ. ಪ್ರತಿಯೊಂದರ ಹಿಂದೆ ಒಂದು ಪುರಾಣದ ಕತೆಯೂ ಇದೆ. ಅದನ್ನು ಮಕ್ಕಳೇ ಅಜ್ಜಿಯಂದಿರಿಂದ ಕೇಳಿ ತರಲಿ.

ಅಷ್ಟರಲ್ಲಿ ಅಪ್ಪಯ್ಯ ಮಡಿ ಉಟ್ಟು ದೇವರ ಕೋಣೆಗೆ ಬರುತ್ತಾರೆ. ಮೊದಲ ಕೆಲಸ ನಿನ್ನೆಯ ಹೂವು ತೆಗೆಯುವುದು. ಆ ಹೂವಿಗೆ ನಿರ್ಮಾಲ್ಯ ಎನ್ನುತ್ತಾರೆ. ಪಾತ್ರೆ ತೊಳೆದು, ಸಾಣೆಕಲ್ಲಿನ ಮೇಲೆ ನಾಲ್ಕು ಹನಿ ನೀರು ಬಿಟ್ಟು ಗಂಧದ ಕೊರಡು ತೇಯುತ್ತಾರೆ. ನೀರು ಜಾಸ್ತಿ ಆದರೆ ಗಂಧ ಹರಿದು ಹೋಗುತ್ತದೆ, ಕಡಿಮೆ ಆದರೆ ಕಲ್ಲಿಗೇ ಅಂಟುತ್ತದೆ. ಬೆರಳಲ್ಲಿ ತೆಗೆದರೆ ಬೆಣ್ಣೆಯಂತೆ ನಿಲ್ಲಬೇಕು. ಮಕ್ಕಳಿಂದ ಇದನ್ನೊಂದು ತರಗತಿಯಲ್ಲಿ ಮಾಡಿಸಬಹುದು. ಐದು ನಿಮಿಷ ತೇಯ್ದು ಬಟಾಣಿಯಷ್ಟು ಗಂಧ ಬಂದಾಗ ಅದರ ಬೆಲೆ ಗೊತ್ತಾಗುತ್ತದೆ.

ಆಮೇಲೆ ಆಚಮನ. ಬಲಗೈಯಲ್ಲಿ ಸ್ವಲ್ಪ ನೀರು ಹಾಕಿಕೊಂಡು ಕೇಶವ, ನಾರಾಯಣ, ಮಾಧವ ಎಂಬ ಮೂರು ಹೆಸರು ಹೇಳಿ ಮೂರು ಸಲ ಕುಡಿಯುವುದು. ಎಷ್ಟು ನೀರು ಎಂಬುದಕ್ಕೂ ಅಳತೆ ಇದೆ: ಒಂದು ಉದ್ದಿನ ಕಾಳು ಮುಳುಗುವಷ್ಟು. ಅಂಗೈಯನ್ನು ಬಟ್ಟಲಿನ ಹಾಗೆ ಬಾಗಿಸಿಕೊಳ್ಳಬೇಕು. ಆ ಆಕಾರಕ್ಕೆ ಸಂಸ್ಕೃತದಲ್ಲಿ ಗೋಕರ್ಣ ಎನ್ನುತ್ತಾರೆ, ಅಂದರೆ ಆಕಳ ಕಿವಿ. ನಮ್ಮ ಸಮುದ್ರದಂಡೆಯ ಗೋಕರ್ಣದ ಹೆಸರಿನ ಅರ್ಥವೂ ಅದೇ ಎಂದು ಹೇಳಿದಾಗ ಮಕ್ಕಳೆಲ್ಲ ಕೈ ಬಾಗಿಸಿ ನೋಡಿಕೊಳ್ಳುತ್ತಾರೆ. ಪೂಜೆ ಮಾಡುವವನು ಮೊದಲು ತನ್ನನ್ನು ಶುದ್ಧ ಮಾಡಿಕೊಳ್ಳಬೇಕು ಎಂಬುದು ಈ ಹಂತದ ಅರ್ಥ.

ಸಂಕಲ್ಪ: ಇದಕ್ಕೆ ಸಮಯ ಕೊಡಿ

ಸಂಕಲ್ಪವನ್ನು ಭಟ್ಟರು ಒಂದೇ ಉಸಿರಲ್ಲಿ ಹೇಳಿ ಮುಗಿಸುತ್ತಾರೆ. ಕೇಳುವವರಿಗೆ ಅದು ಬರೀ ಸದ್ದು. ಬಿಡಿಸಿ ನೋಡಿದರೆ ಅದೊಂದು ವಿಳಾಸ. ನಾನು ಯಾರು, ಎಲ್ಲಿದ್ದೇನೆ, ಯಾವ ಹೊತ್ತು, ಏನು ಮಾಡಲು ಹೊರಟಿದ್ದೇನೆ ಎಂದು ಹೇಳುವುದೇ ಸಂಕಲ್ಪ. ಅದು ದೊಡ್ಡದರಿಂದ ಸಣ್ಣದಕ್ಕೆ ಬರುತ್ತದೆ.

ಒಂದು ದಿನ ಹಿಡಿದು ಬಿಡಿಸೋಣ. 2025ರ ಆಗಸ್ಟ್ 27, ಬುಧವಾರ, ಚೌತಿ. ಮೊದಲು ಕಾಲದ ದೊಡ್ಡ ಲೆಕ್ಕ: ಬ್ರಹ್ಮನ ಆಯುಸ್ಸಿನ ಎರಡನೇ ಅರ್ಧ, ಶ್ವೇತವರಾಹ ಕಲ್ಪ, ವೈವಸ್ವತ ಮನ್ವಂತರ, ಕಲಿಯುಗ, ಅದರ ಮೊದಲ ಪಾದ. ಆಮೇಲೆ ಜಾಗ: ಜಂಬೂದ್ವೀಪ, ಭರತಖಂಡ, ದಂಡಕಾರಣ್ಯ, ಗೋದಾವರಿಯ ದಕ್ಷಿಣ ತೀರ. ಕರಾವಳಿ ಕಡೆ ಪರಶುರಾಮ ಕ್ಷೇತ್ರ ಎಂದೂ ಸೇರಿಸುತ್ತಾರೆ. ಮತ್ತೆ ಕಾಲಕ್ಕೆ ಬಂದು ಸಣ್ಣದಾಗುತ್ತಾ ಹೋಗುತ್ತದೆ: ಶಾಲಿವಾಹನ ಶಕ, ವಿಶ್ವಾವಸು ಸಂವತ್ಸರ, ದಕ್ಷಿಣಾಯನ, ವರ್ಷ ಋತು, ಭಾದ್ರಪದ ಮಾಸ, ಶುಕ್ಲ ಪಕ್ಷ, ಚತುರ್ಥಿ, ಬುಧವಾರ. ಕೊನೆಗೆ ಗೋತ್ರ, ಹೆಸರು, "ಇಂಥ ಪೂಜೆಯನ್ನು ಮಾಡುತ್ತೇನೆ" ಎಂಬ ಮಾತು.

ಶಕ ವರ್ಷ ತಿಳಿಯುವುದು ಸುಲಭ. ಯುಗಾದಿ ಕಳೆದ ಮೇಲೆ ಇಸವಿಯಿಂದ 78 ಕಳೆದರೆ ಸಾಕು. 2025ರಲ್ಲಿ 78 ಕಳೆದರೆ 1947. ಯುಗಾದಿಗೆ ಮುಂಚಿನ ತಿಂಗಳುಗಳಾದರೆ 79 ಕಳೆಯಬೇಕು. ಮಕ್ಕಳು ತಪ್ಪುವುದು ಇಲ್ಲೇ. ಸಂವತ್ಸರದ ಹೆಸರುಗಳು 60. ಮುಗಿದ ಮೇಲೆ ಮತ್ತೆ ಪ್ರಭವದಿಂದ ಶುರು.

ನಾನು ಮಕ್ಕಳಿಗೆ ಕೊಡುವ ಅಭ್ಯಾಸ ಇದು: ಕ್ಯಾಲೆಂಡರ್ ನೋಡಿ ತಮ್ಮ ಹುಟ್ಟಿದ ದಿನದ ವಿಳಾಸವನ್ನು ಕನ್ನಡದಲ್ಲಿ ಬರೆಯಬೇಕು. ಗೋದಾವರಿಯ ಜೊತೆಗೆ ತಮ್ಮೂರ ಹೊಳೆಯ ಹೆಸರನ್ನೂ ಸೇರಿಸಬೇಕು. ಶಿರಸಿಯವರಿಗೆ ಅಘನಾಶಿನಿ ಅಥವಾ ಶಾಲ್ಮಲಾ, ಬನವಾಸಿಯವರಿಗೆ ವರದಾ, ಕಾರವಾರದವರಿಗೆ ಕಾಳಿ, ಹೊನ್ನಾವರದವರಿಗೆ ಶರಾವತಿ. ಅಘ ಅಂದರೆ ಪಾಪ. ಅಘನಾಶಿನಿ ಅಂದರೆ ಪಾಪ ಕಳೆಯುವವಳು. ತಮ್ಮೂರ ಹೊಳೆಯ ಹೆಸರಲ್ಲೇ ಪೂಜೆಯ ಮಾತು ಇದೆ ಎಂದು ಎಷ್ಟೋ ಮಕ್ಕಳಿಗೆ ಗೊತ್ತಿರುವುದಿಲ್ಲ.

ಸಂಕಲ್ಪ ಆದ ಮೇಲೆ ಕಲಶಪೂಜೆ. ಬಾವಿಯಿಂದ ತಂದ ತಂಬಿಗೆ ನೀರಿನಲ್ಲಿ ಗಂಗೆ, ಯಮುನೆ, ಗೋದಾವರಿ, ಸರಸ್ವತಿ, ನರ್ಮದೆ, ಸಿಂಧು, ಕಾವೇರಿ ಬಂದು ನೆಲೆಸಲಿ ಎಂದು ಕೇಳಿಕೊಳ್ಳುತ್ತಾರೆ. ಏಳು ನದಿಗಳು. ಈಗ ಕಾಣದ ಸರಸ್ವತಿಯನ್ನು ಬಿಟ್ಟು ಉಳಿದವನ್ನು ಭಾರತದ ನಕಾಶೆಯಲ್ಲಿ ಗುರುತಿಸಲು ಹೇಳಿ. ಭೂಗೋಳದ ಪಾಠವೂ ಆಗುತ್ತದೆ. ಗಂಟೆ ಬಾರಿಸುವಾಗ ಹೇಳುವ ಶ್ಲೋಕದ ಅರ್ಥ ನೇರವಾಗಿದೆ: ದೇವತೆಗಳು ಬರಲಿ, ಕೆಟ್ಟದ್ದು ಹೋಗಲಿ.

ಮೂರನೇ ಪಿರಿಯಡ್: ಹದಿನಾರು ಉಪಚಾರ

ಈಗ ಬೋರ್ಡಿನ ಬಲಗಡೆ ತುಂಬಿಸುವ ಹೊತ್ತು. ಎಡಗಡೆಯ ನೆಂಟರ ಪಟ್ಟಿಯ ಎದುರಿಗೆ ಒಂದೊಂದೇ ಉಪಚಾರ ಬರೆಯುತ್ತಾ ಹೋಗಿ. ಹೆಸರನ್ನು ನೀವು ಹೇಳಿ, ಜಾಗವನ್ನು ಮಕ್ಕಳು ತೋರಿಸಲಿ.

"ಬನ್ನಿ" ಎಂದು ಕರೆಯುವುದು ಆವಾಹನ. ಇಲ್ಲೊಂದು ಸೂಕ್ಷ್ಮ ಇದೆ. ಚೌತಿಯ ಮಣ್ಣಿನ ಗಣಪತಿಗೆ ಆವಾಹನ ಮಾಡಲೇಬೇಕು. ಕರೆಯುವ ತನಕ ಅದು ಮಣ್ಣಿನ ಮೂರ್ತಿ. ಕೊನೆಗೆ ವಿಸರ್ಜನೆಯೂ ಬೇಕು, ಬಂದವರನ್ನು ಕಳಿಸಿಕೊಡಬೇಕಲ್ಲ. ಆದರೆ ಸಾಲಿಗ್ರಾಮಕ್ಕೂ ನರ್ಮದೆಯ ಬಾಣಲಿಂಗಕ್ಕೂ ಆವಾಹನ-ವಿಸರ್ಜನ ಎರಡೂ ಇಲ್ಲ. ಅವುಗಳಲ್ಲಿ ದೇವರು ಯಾವಾಗಲೂ ಇದ್ದಾನೆ ಎಂಬ ನಂಬಿಕೆ. ಇರುವವರನ್ನು ಬಾ ಎಂದು ಕರೆಯುವುದು ಹೇಗೆ? ಅಲ್ಲಿ ಧ್ಯಾನ ಮಾಡಿ ಹೂವು ಹಾಕುತ್ತಾರೆ. ದೇವಸ್ಥಾನದಲ್ಲಿ ಪ್ರತಿಷ್ಠೆ ಮಾಡಿದ ಮೂರ್ತಿಗೂ ಹೀಗೆಯೇ. ಯಾವುದಾದರೂ ಮಗು "ನಮ್ಮನೆಯಲ್ಲಿ ಆವಾಹನ ಮಾಡಲೇ ಇಲ್ಲ" ಎಂದು ಬರೆದು ತಂದರೆ ತಪ್ಪು ಹಾಕಬೇಡಿ. ಪೂಜೆ ಯಾವುದಕ್ಕೆ ಆಯಿತು ಎಂದು ಕೇಳಿ.

ಮಣೆ ಕೊಡುವುದು ಆಸನ. ಕಾಲಿಗೆ ನೀರು ಪಾದ್ಯ, ಕೈಗೆ ನೀರು ಅರ್ಘ್ಯ, ಕುಡಿಯಲು ನೀರು ಆಚಮನೀಯ. ಪಂಚಪಾತ್ರೆಯಿಂದ ಉದ್ಧರಣೆಯಲ್ಲಿ ಒಂದೊಂದು ಸಲ ನೀರು ತೆಗೆದು ದೇವರೆದುರಿನ ಹರಿವಾಣಕ್ಕೆ ಬಿಡುತ್ತಾರೆ. ಪಂಚಪಾತ್ರೆ-ಉದ್ಧರಣೆಯನ್ನು ನಮ್ಮಲ್ಲಿ ಕೆಲವರು ಕೌಳಿಗೆ-ಸಕ್ಕಣ ಎನ್ನುತ್ತಾರೆ. ಆ ಹುಡುಗನ ಪ್ರಶ್ನೆಗೆ ಉತ್ತರ ಇಲ್ಲಿದೆ. ಕಾಲು ಹುಡುಕಿ ನೀರು ಬಿಡುವುದಲ್ಲ. "ಪಾದಕ್ಕೆ ನೀರು ಕೊಡುತ್ತಿದ್ದೇನೆ" ಎಂದು ಬಾಯಲ್ಲಿ ಹೇಳಿ, ಮನಸ್ಸಲ್ಲಿ ನೆನೆದು, ಎದುರಿಗೆ ಇಡುವುದು. ಕೈ, ಬಾಯಿ, ಮನಸ್ಸು ಮೂರೂ ಸೇರಿದಾಗ ಒಂದು ಉಪಚಾರ ಆಗುತ್ತದೆ.

ಆಮೇಲೆ ಸ್ನಾನ. ದಿನಾ ಆದರೆ ಬರೀ ನೀರು. ವಿಶೇಷ ದಿನ ಪಂಚಾಮೃತ: ಹಾಲು, ಮೊಸರು, ತುಪ್ಪ, ಜೇನು, ಸಕ್ಕರೆ. ಒಂದೊಂದು ಆದ ಮೇಲೂ ಶುದ್ಧ ನೀರು ಹಾಕುತ್ತಾರೆ. ಸ್ನಾನವನ್ನು ನೋಡಿ ತಿಳಿಯಲು ನಮ್ಮಲ್ಲೇ ಒಂದು ಜಾಗ ಇದೆ. ಶಿರಸಿಯಿಂದ ಯಲ್ಲಾಪುರದ ದಾರಿಯಲ್ಲಿ ಶಾಲ್ಮಲಾ ಹೊಳೆಯ ಸಹಸ್ರಲಿಂಗ. ಸೋದೆ ಅರಸರ ಕಾಲದಲ್ಲಿ ಹೊಳೆಯ ಬಂಡೆಗಳ ಮೇಲೆ ಕೆತ್ತಿದ ಲಿಂಗಗಳು. ಮಳೆಗಾಲದಲ್ಲಿ ಹೊಳೆಯೇ ಅವುಗಳ ಮೇಲೆ ಹರಿಯುತ್ತದೆ. ಬೇಸಿಗೆಯಲ್ಲಿ ನೀರು ಇಳಿದಾಗ ಒಂದೊಂದಾಗಿ ಕಾಣುತ್ತವೆ. ಪ್ರವಾಸಕ್ಕೆ ಕರೆದುಕೊಂಡು ಹೋಗುವುದಾದರೆ ಶಿವರಾತ್ರಿಯ ಆಚೀಚೆ ಹೋಗಿ. ಮಳೆಗಾಲದಲ್ಲಿ ಬಂಡೆ ಜಾರುತ್ತದೆ, ಸೆಳವೂ ಜೋರು. ಮಕ್ಕಳನ್ನು ಕರೆದೊಯ್ಯಬಾರದು.

ಸ್ನಾನ ಆದವರಿಗೆ ಉಡಲು ಕೊಡಬೇಕು. ಅದು ವಸ್ತ್ರ, ಜೊತೆಗೆ ಯಜ್ಞೋಪವೀತ ಅಂದರೆ ಜನಿವಾರ. ಮನೆಯಲ್ಲಿ ಹತ್ತಿಯಿಂದ ಮಾಡಿದ ಗೆಜ್ಜೆವಸ್ತ್ರ ಇಡುತ್ತಾರೆ. ಅದೂ ಇಲ್ಲದ ದಿನ? ಒಂದು ಚಿಟಿಕೆ ಅಕ್ಷತೆ ಹಾಕಿ "ವಸ್ತ್ರದ ಬದಲು ಅಕ್ಷತೆ ಕೊಡುತ್ತಿದ್ದೇನೆ" ಎನ್ನುತ್ತಾರೆ. ಯಾವ ಸಾಮಾನು ಇಲ್ಲದಿದ್ದರೂ ಆ ಜಾಗಕ್ಕೆ ಅಕ್ಷತೆ ಬರುತ್ತದೆ. ಬಡವರ ಮನೆಯ ಪೂಜೆಯೂ ಹದಿನಾರಕ್ಕೆ ಹದಿನಾರು ಉಪಚಾರದ್ದೇ ಆಗುವುದು ಹೀಗೆ. ಈ ಮಾತನ್ನು ತರಗತಿಯಲ್ಲಿ ಬಿಡದೆ ಹೇಳಿ.

ಮುಂದಿನ ಐದಕ್ಕೆ ನಿಧಾನ ಮಾಡಬೇಕು. ಗಂಧ, ಹೂವು, ಧೂಪ, ದೀಪ, ನೈವೇದ್ಯ. ಇವಿಷ್ಟೇ ಮಾಡಿದರೆ ಅದು ಪಂಚೋಪಚಾರ ಪೂಜೆ. ಸಮಯ ಇಲ್ಲದ ಮನೆಗಳಲ್ಲಿ ದಿನಾ ನಡೆಯುವುದು ಇದೇ. ಈ ಐದನ್ನು ಪಂಚಭೂತಗಳಿಗೆ ಜೋಡಿಸುವ ಹಳೆಯ ಕ್ರಮವಿದೆ. ಗಂಧ ಭೂಮಿ, ಹೂವು ಆಕಾಶ, ಧೂಪ ಗಾಳಿ, ದೀಪ ಬೆಂಕಿ, ನೈವೇದ್ಯ ನೀರು. ಧೂಪಕ್ಕೆ ಈಗ ಎಲ್ಲರೂ ಅಂಗಡಿಯ ಊದುಬತ್ತಿ ಹಚ್ಚುತ್ತಾರೆ. ಅದಕ್ಕೆ ಸೇರಿಸುತ್ತಿದ್ದ ಹಾಲುಮಡ್ಡಿ ನಮ್ಮ ಘಟ್ಟದ ಮರದ ಅಂಟು ಎಂದು ಮಕ್ಕಳಿಗೆ ತಿಳಿಸಿ. ಒಂದು ತುಂಡು ಸಿಕ್ಕಿದರೆ ತಂದು ಕೆಂಡದ ಮೇಲೆ ಹಾಕಿ ತೋರಿಸಿ.

ನೈವೇದ್ಯದ ಹಂತವನ್ನು ಹೋದ ವರ್ಷ ಒಬ್ಬ ಹುಡುಗಿ ಬಹಳ ಚೆನ್ನಾಗಿ ನೋಡಿ ಬರೆದಿದ್ದಳು. ಅವಳ ಪುಟದಲ್ಲಿದ್ದದ್ದು ಹೀಗೆ. ಅಜ್ಜ ದೇವರೆದುರು ನೆಲದ ಮೇಲೆ ನೀರಿನಿಂದ ಚೌಕ ಬರೆದರು. ಅದರ ಮೇಲೆ ಅನ್ನ, ತುಪ್ಪ, ಪಾಯಸ ಇಟ್ಟರು. ತುಳಸಿ ಎಲೆ ಹಾಕಿದರು. ಸುತ್ತ ನೀರು ತಿರುಗಿಸಿದರು. ಕೈಯನ್ನು ಐದು ಸಲ ದೇವರ ಕಡೆ ಚಾಚಿದರು, ಪ್ರತಿ ಸಲ "ಸ್ವಾಹಾ" ಎಂದರು. ಕಣ್ಣು ಮುಚ್ಚಿ ಸುಮ್ಮನೆ ಕೂತರು. ಮೂರನೇ ಪಾಲಿನಲ್ಲಿ ಅವಳು ಬರೆದಿದ್ದಳು: "ಅಜ್ಜ ಊಟಕ್ಕೆ ಕೂತಾಗಲೂ ಬಾಳೆಲೆ ಸುತ್ತ ಹೀಗೇ ನೀರು ತಿರುಗಿಸುತ್ತಾರೆ. ಐದು ಸಲ ಸ್ವಾಹಾ ಎಂದು ಅನ್ನ ಬಾಯಿಗೆ ಹಾಕಿಕೊಳ್ಳುತ್ತಾರೆ. ಎರಡೂ ಒಂದೇನಾ ಎಂದು ಕೇಳಿದೆ. ಹೌದು ಎಂದರು."

ಹೌದು, ಎರಡೂ ಒಂದೇ. ಪ್ರಾಣ, ಅಪಾನ, ವ್ಯಾನ, ಉದಾನ, ಸಮಾನ ಎಂಬ ಐದು ಉಸಿರುಗಳಿಗೆ ಐದು ತುತ್ತು. ತಾನು ಹೇಗೆ ಉಣ್ಣುತ್ತಾನೋ ಅದೇ ಕ್ರಮದಲ್ಲಿ ದೇವರಿಗೂ ಉಣಿಸುತ್ತಾನೆ. ನಡುವೆ ಸುಮ್ಮನೆ ಕೂರುವುದು ದೇವರು ಊಟ ಮಾಡುವ ಹೊತ್ತು. ದೇವಸ್ಥಾನದಲ್ಲಿ ಆಗ ಬಾಗಿಲು ಹಾಕುತ್ತಾರೆ ಅಥವಾ ಪರದೆ ಎಳೆಯುತ್ತಾರೆ. ಉಣ್ಣುವವರ ಬಾಯಿ ನೋಡುತ್ತಾ ನಿಲ್ಲಬಾರದು ಎಂದು ನಮಗೆ ಮನೆಯಲ್ಲಿ ಹೇಳಿಕೊಟ್ಟಿದ್ದಾರಲ್ಲ. ನೈವೇದ್ಯದ ಅಡಿಗೆಯ ಉಪ್ಪು-ಹುಳಿಯನ್ನು ಮೊದಲೇ ರುಚಿ ನೋಡುವಂತಿಲ್ಲ. ಆಯಿ ಕೈಯಳತೆಯಲ್ಲೇ ಹಾಕುತ್ತಾರೆ.

ಊಟ ಆಯಿತು, ಇನ್ನು ತಾಂಬೂಲ. ವೀಳ್ಯದೆಲೆ, ಅಡಿಕೆ. ಅಡಿಕೆ ತೋಟದ ನಡುವೆ ಬೆಳೆದ ಮಕ್ಕಳಿಗೆ ಇದನ್ನು ವಿವರಿಸಬೇಕಾಗಿಲ್ಲ. "ಕವಳ!" ಎಂದು ಇಡೀ ತರಗತಿ ಕೂಗುತ್ತದೆ.

ಮಂಗಳಾರತಿಯ ಅರ್ಥ ತಿಳಿಯಲು ದೇವಸ್ಥಾನದ ಗರ್ಭಗುಡಿಯನ್ನು ನೆನೆಯಬೇಕು. ಕಿಟಕಿ ಇಲ್ಲದ ಕತ್ತಲೆ ಕೋಣೆ. ಆರತಿಯ ಬೆಳಕು ಪಾದದಿಂದ ಮುಖಕ್ಕೆ ಏರಿದಾಗ ಮೂರ್ತಿ ಕಾಣುತ್ತದೆ. ಅದೇ ದರ್ಶನ. ಕರ್ಪೂರ ಬೂದಿಯನ್ನೂ ಉಳಿಸದೆ ಉರಿಯುತ್ತದೆ. ಹಾಗೆಯೇ ನಾನು ಎಂಬುದೂ ಕರಗಲಿ ಎಂದು ಹಿರಿಯರು ಅರ್ಥ ಹೇಳುತ್ತಾರೆ.

ಪ್ರದಕ್ಷಿಣೆಯಲ್ಲಿ ದೇವರು ಯಾವಾಗಲೂ ನಮ್ಮ ಬಲಕ್ಕೆ ಇರಬೇಕು. ಮನೆಯಲ್ಲಿ ಜಾಗ ಇಲ್ಲದ್ದರಿಂದ ನಿಂತಲ್ಲೇ ಸುತ್ತು ಬರುತ್ತಾರೆ. ಶಿವನ ಗುಡಿಯಲ್ಲಿ ಮಾತ್ರ ಬೇರೆ ಕ್ರಮ. ಅಭಿಷೇಕದ ನೀರು ಹೊರಗೆ ಬರುವ ಗೋಮುಖದ ತನಕ ಹೋಗಿ ಹಾಗೇ ವಾಪಸು ಬರಬೇಕು. ಆ ನೀರನ್ನು ದಾಟಬಾರದು ಎಂಬ ಕಾರಣಕ್ಕೆ ಅರ್ಧ ಪ್ರದಕ್ಷಿಣೆ. ಮುಂದಿನ ಸಲ ಹೋದಾಗ ಗೋಮುಖ ಎಲ್ಲಿದೆ ಎಂದು ಹುಡುಕಿ ಬರಲು ಹೇಳಿ.

ಕೊನೆಗೆ ನಮಸ್ಕಾರ. ಸಾಷ್ಟಾಂಗ ಅಂದರೆ ಎಂಟು ಅಂಗ ಸೇರಿದ್ದು. ಯಾವ ಎಂಟು ಎಂದು ಕೇಳಿದರೆ ಮಕ್ಕಳು ಕೈ, ಕಾಲು, ಮಂಡಿ, ಎದೆ, ತಲೆ ಎಂದು ಐದಕ್ಕೆ ನಿಲ್ಲುತ್ತಾರೆ. ಉಳಿದ ಮೂರು ನೋಟ, ಮಾತು, ಮನಸ್ಸು. ಮೈ ನೆಲಕ್ಕೆ ಬಿದ್ದು ಮನಸ್ಸು ಬೇರೆಲ್ಲೋ ಇದ್ದರೆ ಅದು ಸಾಷ್ಟಾಂಗ ಅಲ್ಲ. ಹೆಂಗಸರು ಮಂಡಿಯೂರಿ ಮಾಡುವುದು ಪಂಚಾಂಗ ನಮಸ್ಕಾರ.

ಎಡಗಡೆಯ ಪಟ್ಟಿಯಲ್ಲಿ ಒಂದು ಸಾಲು ಉಳಿದಿರುತ್ತದೆ: "ಹೆಚ್ಚುಕಡಿಮೆ ಆಗಿದ್ದರೆ ಬೇಜಾರು ಮಾಡಿಕೊಳ್ಳಬೇಡಿ." ಪೂಜೆಯ ಕೊನೆಯ ಶ್ಲೋಕವೂ ಅದೇ. ಕರೆಯುವುದು ಗೊತ್ತಿಲ್ಲ, ಕಳಿಸುವುದು ಗೊತ್ತಿಲ್ಲ, ಪೂಜೆಯ ವಿಧಾನ ಗೊತ್ತಿಲ್ಲ, ಕ್ಷಮಿಸು. ಜೀವನಪೂರ್ತಿ ದಿನಾ ಪೂಜೆ ಮಾಡಿದವರೂ ದಿನಾ ಇದನ್ನು ಹೇಳುತ್ತಾರೆ. ಆಮೇಲೆ ಎಲ್ಲರಿಗೂ ಮೂರು ಉದ್ಧರಣೆ ತೀರ್ಥ. ಅದು ಸ್ನಾನ ಮಾಡಿಸಿದ ನೀರೇ.

ಲೆಕ್ಕ ತಪ್ಪಿದಾಗ

ಮಕ್ಕಳು ಎಣಿಸಿ ನೋಡುತ್ತಾರೆ. ಒಬ್ಬರಿಗೆ ಹದಿನೈದು, ಇನ್ನೊಬ್ಬರಿಗೆ ಹದಿನೆಂಟು ಬರುತ್ತದೆ. ಇದಕ್ಕೆ ಗಾಬರಿ ಬೇಡ. ಕೆಲವರು ತಾಂಬೂಲವನ್ನು ನೈವೇದ್ಯಕ್ಕೇ ಸೇರಿಸುತ್ತಾರೆ. ಕೆಲವರು ಮಂತ್ರಪುಷ್ಪವನ್ನು ಬೇರೆ ಎಣಿಸುತ್ತಾರೆ. ಹದಿನಾರು ಎಂಬ ಸಂಖ್ಯೆಯ ಜೊತೆ ಋಗ್ವೇದದ ಪುರುಷಸೂಕ್ತದ ನಂಟಿದೆ. ಅದರಲ್ಲಿ 16 ಋಕ್ಕುಗಳಿವೆ, ಒಂದೊಂದು ಉಪಚಾರಕ್ಕೆ ಒಂದೊಂದನ್ನು ಹೇಳುವ ಪದ್ಧತಿ.

ದೊಡ್ಡ ತಪ್ಪು ಬೇರೆ ಇದೆ. ಮೊದಲ ವರ್ಷ ನಾನೇ ಅದನ್ನು ಮಾಡಿದ್ದೆ. ನಮ್ಮ ಮನೆಯ ಪೂಜೆಯನ್ನೇ ಎಲ್ಲರ ಪೂಜೆ ಎಂಬಂತೆ ಹೇಳಿದ್ದೆ. ಕರಾವಳಿಯಿಂದ ಬಂದು ಅಜ್ಜಿ ಮನೆಯಲ್ಲಿದ್ದ ಒಬ್ಬ ಹುಡುಗಿ ಪುಟ ಖಾಲಿ ಬಿಟ್ಟು ಬಂದಳು. "ನಮ್ಮಲ್ಲಿ ಪೂಜೆ ಇಲ್ಲ ಅಕ್ಕೋರೆ, ಅಮ್ಮ ತುಳಸಿಗೆ ನೀರು ಹಾಕಿ ದೀಪ ಇಡುತ್ತಾಳೆ ಅಷ್ಟೇ" ಎಂದಳು. ಅವಳ ಅಮ್ಮ ದಿನಾ ಸ್ನಾನ ಮಾಡಿಸುತ್ತಿದ್ದಳು, ಹೂವು ಇಡುತ್ತಿದ್ದಳು, ದೀಪ ಹಚ್ಚುತ್ತಿದ್ದಳು, ಸುತ್ತು ಬಂದು ಕೈ ಮುಗಿಯುತ್ತಿದ್ದಳು. ಬೋರ್ಡಿನ ಪಟ್ಟಿಯಲ್ಲಿ ಗುರುತು ಹಾಕಿ ತೋರಿಸಿದರೆ ಐದು ಉಪಚಾರ ಆಗುತ್ತಿತ್ತು. ಅದನ್ನು ನಾನು ಮೊದಲೇ ಹೇಳಿಕೊಟ್ಟಿರಲಿಲ್ಲ. ಸಾಲಿಗ್ರಾಮದ ಪೂಜೆ ಹಲವು ಮನೆಗಳಲ್ಲಿ ಉಪನಯನ ಆದ ಗಂಡಸರಿಗೆ ಮಾತ್ರ ಎಂಬ ಕಟ್ಟು ಇದೆ. ತುಳಸಿಕಟ್ಟೆಗೆ ಅಂಥ ಕಟ್ಟಿಲ್ಲ. ಈಗ ನಾನು ಎರಡೂ ಪೂಜೆಗಳನ್ನು ಅಕ್ಕಪಕ್ಕ ಇಟ್ಟೇ ಪಾಠ ಮಾಡುತ್ತೇನೆ.

ಇನ್ನೊಂದು ಎಚ್ಚರಿಕೆ. ಮೂರನೇ ಪಾಲಿನಲ್ಲಿ ಕೆಲವು ಮಕ್ಕಳು ಮೊಬೈಲಿನಲ್ಲಿ ಬಂದ "ವೈಜ್ಞಾನಿಕ ಕಾರಣ"ಗಳನ್ನು ನಕಲು ಮಾಡಿ ತರುತ್ತಾರೆ. ಗಂಟೆಯ ಸದ್ದಿಗೆ ರೋಗಾಣು ಸಾಯುತ್ತದೆ ಎಂಬಂಥವು. ಅವನ್ನು ಒಪ್ಪಿಕೊಳ್ಳಬೇಡಿ. ಗಂಟೆಯ ಅರ್ಥ ಅದರ ಶ್ಲೋಕದಲ್ಲೇ ಇದೆ. ಮಗು ಯಾರನ್ನು ಕೇಳಿತು, ಅವರು ಯಾವ ಮಾತಲ್ಲಿ ಹೇಳಿದರು ಎಂಬುದನ್ನು ಬರೆಸಿ. "ಗೊತ್ತಿಲ್ಲ, ನಮ್ಮ ಅತ್ತೆ ಹೀಗೆ ಮಾಡುತ್ತಿದ್ದರು" ಎಂಬ ಉತ್ತರಕ್ಕೂ ಪೂರ್ತಿ ಅಂಕ ಕೊಡಿ.

ನಾಲ್ಕನೇ ಪಿರಿಯಡ್: ದೇವಸ್ಥಾನದಲ್ಲಿ ಏನು ಬೇರೆ?

ಹತ್ತಿರದ ದೇವಸ್ಥಾನಕ್ಕೆ ಹೋಗಲು ಆದರೆ ಪೂಜೆಯ ಹೊತ್ತಿಗೆ ಹೋಗಿ. ಅರ್ಚಕರಿಗೆ ಮೊದಲೇ ತಿಳಿಸಿ, ಫೋಟೊ ತೆಗೆಯಬಹುದೇ ಎಂದೂ ಕೇಳಿಕೊಳ್ಳಿ. ಉಪಚಾರಗಳು ಇಲ್ಲೂ ಅವೇ. ಬೇರೆಯಾಗುವುದು ಸಂಬಂಧ. ಮನೆಯಲ್ಲಿ ನಾವು ಮನೆಯವರು, ದೇವರು ನಮ್ಮಲ್ಲಿಗೆ ಬಂದ ದೊಡ್ಡವರು. ದೇವಸ್ಥಾನ ದೇವರ ಮನೆ. ಅಲ್ಲಿ ನಾವೇ ನೆಂಟರು. ಅದಕ್ಕೇ ಒಳಗೆ ಹೋಗುವ ಮೊದಲು ನಾವು ಕಾಲು ತೊಳೆಯುತ್ತೇವೆ, ಗಂಟೆ ಬಾರಿಸಿ ಬಂದೆ ಎಂದು ತಿಳಿಸುತ್ತೇವೆ, ಹಣ್ಣುಕಾಯಿ ಹಿಡಿದುಕೊಂಡು ಹೋಗುತ್ತೇವೆ. ಉಪಚಾರ ಮಾಡುವ ಕೆಲಸ ಅರ್ಚಕರದ್ದು, ಗರ್ಭಗುಡಿಗೆ ಅವರೇ ಹೋಗುತ್ತಾರೆ. ಇದಕ್ಕೆ ನಮ್ಮ ಜಿಲ್ಲೆಯಲ್ಲೇ ಒಂದು ಬೇರೆ ಮಾದರಿ ಇದೆ. ಗೋಕರ್ಣದ ಮಹಾಬಲೇಶ್ವರನಲ್ಲಿ ಭಕ್ತರು ತಾವೇ ಆತ್ಮಲಿಂಗವನ್ನು ಕೈಯಿಂದ ಮುಟ್ಟುವ ಪದ್ಧತಿ ಇದೆ.

ಹೊರಡುವ ಮುನ್ನ ಮಕ್ಕಳಿಂದ ಇನ್ನೊಂದು ವಿಷಯ ಕೇಳಿಸಿ: ನಿನ್ನೆಯ ಹೂವು ಎಲ್ಲಿಗೆ ಹೋಗುತ್ತದೆ? ನಿರ್ಮಾಲ್ಯವನ್ನು ಯಾರೂ ತುಳಿಯಬಾರದು ಎಂಬುದು ನಿಯಮ. ಅದಕ್ಕೇ ಹಿಂದೆ ಹೊಳೆಗೆ ಬಿಡುತ್ತಿದ್ದರು. ಈಗ ಹಾರಕ್ಕೆ ಪ್ಲಾಸ್ಟಿಕ್ ದಾರ, ಜರಿ ಕಾಗದ ಸೇರಿರುತ್ತದೆ. ಹೊಳೆಗೆ ಹಾಕಿದರೆ ಮಳೆಗಾಲ ಕಳೆದ ಮೇಲೆ ದಡದ ಬೇರುಗಳಿಗೆ ಸಿಕ್ಕಿಕೊಂಡಿರುವುದು ಕಾಣುತ್ತದೆ. ದಾರ, ಕಾಗದ ಬಿಡಿಸಿ ಹೂವನ್ನು ತೆಂಗಿನ ಬುಡಕ್ಕೋ ದಾಸವಾಳದ ಬುಡಕ್ಕೋ ಹಾಕಿದರೆ ನಿಯಮವೂ ಉಳಿಯುತ್ತದೆ. ನಮ್ಮ ಮನೆಯಲ್ಲಿ ಆಯಿ ಹಾಗೆಯೇ ಮಾಡುತ್ತಾರೆ. ಬೆಳಿಗ್ಗೆ ಹೂವು ಕೊಯ್ಯಲು ಹೋಗುವಾಗ ಒಂದು ಕೈಯಲ್ಲಿ ಖಾಲಿ ಬುಟ್ಟಿ, ಇನ್ನೊಂದು ಕೈಯಲ್ಲಿ ನಿನ್ನೆಯ ನಿರ್ಮಾಲ್ಯ.